ಬಾಡಿಗೆ ತಾರೀಖಿನ ವಿಚಾರ: ಮೇಲಿನ ಮನೆಯ ಮಂಜುನಾಥ್ ಅವರಿಗೆ

ವಿಜಯನಗರ, ಬೆಂಗಳೂರು
ಭಾನುವಾರ, 16 ನವೆಂಬರ್ 2025

ಮಂಜುನಾಥ್ ಅವರಿಗೆ ಮತ್ತು ಲತಾಗೆ, ಕೆಳಗಿನ ಮನೆಯ ಸುಮಿತ್ರಮ್ಮ ಮಾಡುವ ನಮಸ್ಕಾರಗಳು.

ಒಂದೇ ಕಟ್ಟಡದಲ್ಲಿ ಇದ್ದುಕೊಂಡು ಕಾಗದ ಬರೆಯುತ್ತಿದ್ದಾರಲ್ಲ ಅಂತ ಆಶ್ಚರ್ಯ ಆಗಬಹುದು. ಮೆಟ್ಟಿಲ ಹತ್ತಿರ ನಿಲ್ಲಿಸಿ ಬಾಡಿಗೆ ಮಾತು ಎತ್ತುವುದು ನನಗೆ ಇಷ್ಟ ಇಲ್ಲ. ಅಕ್ಕಪಕ್ಕದವರ ಕಿವಿಗೆ ಬೀಳುತ್ತದೆ. ವಾಟ್ಸಾಪ್‌ನಲ್ಲಿ ಹಾಕೋಣ ಅಂದರೆ ಸಂಜೆ ಹೊತ್ತು ನಿಮ್ಮ ಫೋನ್ ಮಗಳ ಕೈಯಲ್ಲಿ ಇರುತ್ತದೆ, ಹೋಂವರ್ಕ್ ಅದರಲ್ಲೇ ಬರುತ್ತದಲ್ಲ. ದೊಡ್ಡವರ ದುಡ್ಡಿನ ವಿಷಯ ಮಗು ಓದುವುದು ಬೇಡ. ಅದಕ್ಕೇ ಕವರಿನಲ್ಲಿ ಹಾಕಿ ಕೊಡುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಸಮಾಧಾನವಾಗಿ ಕೂತು ಓದಿ.

ಅಕ್ಟೋಬರ್ ತಿಂಗಳ ಬಾಡಿಗೆ 22,000 ರೂಪಾಯಿ ಇವತ್ತಿನವರೆಗೂ ಖಾತೆಗೆ ಬಂದಿಲ್ಲ. ಬೆಳಗ್ಗೆ ಯಜಮಾನರು ಪಾಸ್‌ಬುಕ್ ತೆಗೆದು ಹಿಂದಿನ ತಿಂಗಳುಗಳನ್ನೂ ನೋಡಿದರು. ಆಗಸ್ಟ್‌ನಲ್ಲಿ 13ಕ್ಕೆ ಬಂದಿದೆ, ಸೆಪ್ಟೆಂಬರ್‌ನಲ್ಲಿ 17ಕ್ಕೆ, ಅಕ್ಟೋಬರ್‌ನಲ್ಲಿ 19ಕ್ಕೆ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ. ಒಂದು ತಿಂಗಳೂ ನೀವು ಬಾಡಿಗೆ ಬಾಕಿ ಇಟ್ಟಿಲ್ಲ, ಒಂದು ರೂಪಾಯಿ ಕಡಿಮೆ ಕೊಟ್ಟಿಲ್ಲ. ಇದನ್ನು ನಾವು ಮರೆತಿಲ್ಲ. ಆದರೆ ತಾರೀಖು ತಿಂಗಳಿಂದ ತಿಂಗಳಿಗೆ ಮುಂದೆ ಮುಂದೆ ಹೋಗುತ್ತಿದೆ. ಅದೇ ನನ್ನ ಚಿಂತೆ.

ನಮ್ಮ ಕರಾರು ಪತ್ರದ ಮೂರನೇ ಕಲಂ ನಿಮಗೆ ನೆನಪಿರಬಹುದು. ನಿಮ್ಮ ಹತ್ತಿರವೂ ಒಂದು ಪ್ರತಿ ಇದೆ, ಆದರೂ ಹುಡುಕುವ ತೊಂದರೆ ಬೇಡ ಅಂತ ಇಲ್ಲೇ ಬರೆಯುತ್ತೇನೆ: "ಬಾಡಿಗೆದಾರರು ಪ್ರತಿ ತಿಂಗಳ ಬಾಡಿಗೆ ಹಣ ರೂ. 22,000 ಅನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಮಾಲೀಕರಿಗೆ ತಪ್ಪದೆ ಪಾವತಿಸತಕ್ಕದ್ದು." ಇಷ್ಟೇ ಇರುವುದು. ತಡವಾದರೆ ದಂಡ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಕರಾರು ಟೈಪ್ ಮಾಡಿಸುವಾಗ ಅಲ್ಲಿದ್ದವರು "ದಿನಕ್ಕೆ ನೂರು ರೂಪಾಯಿ ಲೇಟ್ ಫೀ ಹಾಕಿಸಿ, ಈಗ ಎಲ್ಲರೂ ಹಾಕಿಸುತ್ತಾರೆ" ಅಂದಿದ್ದರು. ಯಜಮಾನರು ಒಪ್ಪಲಿಲ್ಲ. ಸಂಸಾರಸ್ಥರು ಬರುತ್ತಿದ್ದಾರೆ, ಅದೆಲ್ಲ ಯಾಕೆ ಅಂದರು. ಈಗಲೂ ನಮಗೆ ದಂಡ ಬೇಡ. ಹೇಳಿದ ದಿನಕ್ಕೆ ಬಾಡಿಗೆ ಬಂದರೆ ಸಾಕು.

ಆ 5ನೇ ತಾರೀಖು ಸುಮ್ನೆ ಬರೆಸಿದ್ದಲ್ಲ. ನೀವಿರುವ ಮೇಲಿನ ಮನೆ ಕಟ್ಟಿಸಿದ್ದು ಸಾಲ ಮಾಡಿ. ಅದರ ಕಂತು 17,400 ರೂಪಾಯಿ, ಪ್ರತಿ ತಿಂಗಳು 10ಕ್ಕೆ ಬ್ಯಾಂಕ್‌ನವರು ಖಾತೆಯಿಂದ ತಾವೇ ಎಳೆದುಕೊಳ್ಳುತ್ತಾರೆ. ಯಜಮಾನರ ಪಿಂಚಣಿ ಅಡುಗೆ ಮನೆ ಖರ್ಚಿಗೆ, ಇಬ್ಬರ ಔಷಧಿಗೆ, ಹಾಲು, ಗ್ಯಾಸ್‌ಗೆ ಸರಿಹೋಗುತ್ತದೆ. ಕಂತು ಕಟ್ಟುವುದು ನಿಮ್ಮ ಬಾಡಿಗೆಯಿಂದಲೇ. 5ಕ್ಕೆ ಬಾಡಿಗೆ ಬಂದರೆ ಮಧ್ಯೆ ಒಂದು ಭಾನುವಾರವೋ ರಜೆಯೋ ಬಂದರೂ 10ಕ್ಕೆ ಹಣ ರೆಡಿ ಇರುತ್ತದೆ ಅನ್ನುವುದು ಲೆಕ್ಕ.

ಸೆಪ್ಟೆಂಬರ್‌ನಲ್ಲಿ ಆ ಲೆಕ್ಕ ತಪ್ಪಿತು. 10ಕ್ಕೆ ಖಾತೆಯಲ್ಲಿ ಸಾಕಷ್ಟು ಹಣ ಇರಲಿಲ್ಲ, ಕಂತು ಬೌನ್ಸ್ ಆಯಿತು. ಬ್ಯಾಂಕ್‌ನವರು ಜಿಎಸ್‌ಟಿ ಸೇರಿಸಿ 590 ರೂಪಾಯಿ ಹಿಡಿದುಕೊಂಡರು. ಆ ದುಡ್ಡು ಹೋದರೆ ಹೋಗಲಿ, ನಿಮ್ಮನ್ನು ಕೇಳುತ್ತಿಲ್ಲ. ನಮಗೆ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ವಯಸ್ಸಾದ ನಮ್ಮಿಬ್ಬರನ್ನೇ ನಂಬಿ ಬ್ಯಾಂಕ್‌ನವರು ಸಾಲ ಕೊಡಲಿಲ್ಲ, ಮಗನನ್ನೂ ಸೇರಿಸಿಕೊಂಡೇ ಕೊಟ್ಟಿದ್ದು. ಕಂತು ತಪ್ಪಿದರೆ ಅವನ ಸಿಬಿಲ್ ಸ್ಕೋರಿಗೂ ಏಟು ಬೀಳುತ್ತದೆ. ಈ ವರ್ಷದಿಂದ ಬ್ಯಾಂಕ್‌ಗಳು ಹದಿನೈದು ದಿನಕ್ಕೊಮ್ಮೆ ಈ ಮಾಹಿತಿ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆಯಂತೆ, ಆದ್ದರಿಂದ ಮೊದಲಿನ ಹಾಗೆ ತಿಂಗಳ ಕೊನೆಯೊಳಗೆ ಕಟ್ಟಿಬಿಟ್ಟರೆ ಆಯಿತು ಅನ್ನುವಂತಿಲ್ಲ. ಅವನು ಮುಂದಿನ ವರ್ಷ ತನಗೊಂದು ಫ್ಲ್ಯಾಟ್ ನೋಡಬೇಕು ಅಂತಿದ್ದಾನೆ. ಅಪ್ಪ ಅಮ್ಮನ ಮನೆ ಸಾಲದಿಂದ ಅವನಿಗೆ ಸಾಲ ಸಿಗದೆ ಹೋದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ನನ್ನ ತಂಗಿಯ ಹತ್ತಿರ ಕೈಗಡ ತಂದು ಕಟ್ಟಿದೆವು. ಈ ಸಲ ಔಷಧಿಗೆ ಅಂತ ಎತ್ತಿಟ್ಟಿದ್ದನ್ನು ಹಾಕಿದ್ದೇವೆ. ಪ್ರತಿ ತಿಂಗಳೂ ಹೀಗೆ ಮಾಡಲು ಆಗುವುದಿಲ್ಲ, ಅಲ್ವಾ?

ಅಡ್ವಾನ್ಸ್ 1,50,000 ಇದೆಯಲ್ಲ ಅಂತ ನಿಮ್ಮ ಮನಸ್ಸಿಗೆ ಬಂದರೆ ಅದು ಸಹಜವೇ. ಆದರೆ ಅದು ನಿಮ್ಮ ದುಡ್ಡು. ನೀವು ಮನೆ ಬಿಡುವ ದಿನ ಪೇಂಟಿಂಗ್ ಖರ್ಚು ಬಿಟ್ಟು ವಾಪಸ್ ಕೊಡಬೇಕಾದದ್ದು. ಬಾಡಿಗೆಗೆ ಅದನ್ನು ವಜಾ ಹಾಕಿಕೊಳ್ಳುವ ಹಾಗಿಲ್ಲ ಅಂತ ಐದನೇ ಕಲಂನಲ್ಲಿ ಇದೆ. ಆ ಹಣವನ್ನು ನಾವು ಫಿಕ್ಸೆಡ್ ಡೆಪಾಸಿಟ್‌ನಲ್ಲಿ ಇಟ್ಟಿದ್ದೇವೆ, ಮುಟ್ಟುವುದಿಲ್ಲ. ಇನ್ನು ಒಂಬತ್ತನೇ ಕಲಂ, ಎರಡು ತಿಂಗಳ ಬಾಡಿಗೆ ಬಾಕಿ ಆದರೆ ಮನೆ ಖಾಲಿ ಮಾಡಲು ನೋಟಿಸ್ ಕೊಡಬಹುದು ಅನ್ನುವುದು. ಕರಾರನ್ನು ಮತ್ತೆ ಓದಲು ಕೂತರೆ ಅದು ಕಣ್ಣಿಗೆ ಬಿದ್ದು ನೀವು ಗಾಬರಿಯಾಗಬಾರದು ಅಂತ ನಾನೇ ಹೇಳುತ್ತಿದ್ದೇನೆ. ಈ ಕಾಗದ ನೋಟಿಸ್ ಅಲ್ಲ. ನಿಮ್ಮನ್ನು ಕಳಿಸುವ ಯೋಚನೆ ನಮಗೆ ಬಂದೂ ಇಲ್ಲ.

ಬರುವುದಾದರೂ ಹೇಗೆ? ಹೋದ ಬೇಸಿಗೆಯಲ್ಲಿ ಯಜಮಾನರಿಗೆ ಬಿಪಿ ಏರಿ ಉಸಿರು ಕಟ್ಟಿದಾಗ ನಡುರಾತ್ರಿ ನಿಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೋಗಿದ್ದು. ಬೆಳಗಿನ ಜಾವದವರೆಗೂ ನೀವು ನಮ್ಮ ಜೊತೆ ಕೂತಿದ್ದಿರಿ. ಲತಾ ಶುಕ್ರವಾರ ಬಂದರೆ ನಮ್ಮ ಬಾಗಿಲಿಗೂ ರಂಗೋಲಿ ಹಾಕಿ ಹೋಗುತ್ತಾಳೆ. ಕಾವೇರಿ ನೀರು ಬಿಟ್ಟ ದಿನ ನಮಗಿಂತ ಮೊದಲು ಎದ್ದು ಸಂಪ್ ನೋಡುವುದು ನೀವೇ. ಇಂಥ ಜನ ಮನೆಗೆ ಸಿಗುವುದು ಕಷ್ಟ. ಅದಕ್ಕೇ ಈ ಬಾಡಿಗೆ ವಿಷಯ ನಮ್ಮಿಬ್ಬರ ಮಧ್ಯೆ ಒಳಗೊಳಗೇ ಬೆಳೆಯುವುದು ನನಗೆ ಬೇಡ. ಈಗಲೇ ನೋಡಿ, 6ನೇ ತಾರೀಖಿನ ಮೇಲೆ ನೀವು ಗೇಟು ದಾಟುವಾಗ ನಮ್ಮ ಕಡೆ ನೋಡದೆ ಸರಸರ ಹೋಗಿಬಿಡುತ್ತೀರಿ. ಯಜಮಾನರು ನಿಮ್ಮನ್ನು ಮಾತಾಡಿಸಬೇಕು ಅಂತ ಕೂತಿರುತ್ತಾರೆ, ದುಡ್ಡು ಕೇಳಲಿಕ್ಕಲ್ಲ, ಕ್ರಿಕೆಟ್ ಮಾತಾಡಲಿಕ್ಕೆ.

ಮೊದಲೆಲ್ಲ ಬಾಡಿಗೆ 4ಕ್ಕೋ 5ಕ್ಕೋ ಬಂದುಬಿಡುತ್ತಿತ್ತು. ಹೊಸ ಕೆಲಸಕ್ಕೆ ಸೇರಿದ ಮೇಲೆ ಸಂಬಳ 7ನೇ ತಾರೀಖಿಗೆ ಆಗುತ್ತದೆ ಅಂತ ಲತಾ ಒಮ್ಮೆ ಹೇಳಿದ್ದಳು. ಜೂನ್‌ನಲ್ಲಿ ಮಗಳ ಸ್ಕೂಲ್ ಫೀಸೂ ಒಟ್ಟಿಗೆ ಕಟ್ಟಿದಿರಿ. ಒಂದು ತಿಂಗಳು ಜಾರಿದರೆ ಮುಂದಿನ ತಿಂಗಳೂ ಅದನ್ನು ಹಿಡಿಯುವುದು ಕಷ್ಟ, ಸಂಸಾರ ಮಾಡಿದವರಿಗೆ ಇದು ಗೊತ್ತು. ಸಂಬಳವೇ 7ಕ್ಕೆ ಬರುವವರಿಗೆ 5ಕ್ಕೆ ಕೊಡಿ ಅಂತ ಹಟ ಮಾಡುವುದರಲ್ಲಿ ಅರ್ಥ ಇಲ್ಲ. ಹಾಗಾಗಿ ತಾರೀಖನ್ನು 8ಕ್ಕೆ ಬದಲಾಯಿಸೋಣ. ಡಿಸೆಂಬರ್‌ನಿಂದಲೇ ಹಾಗೆ ಮಾಡಬಹುದು. ಈಗಿನ ಹನ್ನೊಂದು ತಿಂಗಳ ಕರಾರು ಜನವರಿ 31ಕ್ಕೆ ಮುಗಿಯುತ್ತದೆ. ಹೊಸದು ಬರೆಸುವಾಗ ಮೂರನೇ ಕಲಂನಲ್ಲಿ 8 ಅಂತಲೇ ಹಾಕಿಸೋಣ. ಅದಕ್ಕಿಂತ ಮುಂದಕ್ಕೆ ಹೋಗಲು ನನ್ನ ಕೈಯಲ್ಲಿ ಆಗುವುದಿಲ್ಲ, 10ರ ಕಂತು ಎದುರಿಗೇ ಇದೆ.

8ಕ್ಕೆ ಪೂರ್ತಿ 22,000 ಒಟ್ಟಿಗೆ ಕೊಡುವುದು ಈ ಒಂದೆರಡು ತಿಂಗಳು ಕಷ್ಟ ಅನ್ನಿಸಿದರೆ ಇನ್ನೊಂದು ದಾರಿ ಇದೆ. 18,000 ಅನ್ನು 8ರೊಳಗೆ ಹಾಕಿ, ಕಂತು ಹೋಗಲಿ. ಉಳಿದ 4,000 ಅನ್ನು 20ರೊಳಗೆ ಕೊಡಿ. ಫೆಬ್ರವರಿ ಹೊತ್ತಿಗೆ ನಿಮಗೂ ಸ್ವಲ್ಪ ಹದಕ್ಕೆ ಬರಬಹುದು, ಆಮೇಲೆ ಒಟ್ಟಿಗೆ ಕೊಟ್ಟರಾಯಿತು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂತ ಇರುತ್ತದೆ. ಒಂದು ಸಲ ಹೇಳಿಟ್ಟರೆ ಪ್ರತಿ ತಿಂಗಳು ಆ ದಿನ ಹಣ ತಾನೇ ಹೋಗುತ್ತದೆ. ಕೆಲಸದ ಗಡಿಬಿಡಿಯಲ್ಲಿ ಮರೆತು ತಡ ಆಗುತ್ತಿದ್ದರೆ ಅದು ಒಳ್ಳೆಯ ಉಪಾಯ.

ಯಾವುದಾದರೂ ತಿಂಗಳು ಸಂಬಳವೇ ತಡ, ಅಥವಾ ಮನೆಯಲ್ಲಿ ಏನೋ ಖರ್ಚು ಬಂತು ಅಂದುಕೊಳ್ಳಿ. 3ನೇ ತಾರೀಖಿನೊಳಗೆ ಒಂದು ಮಾತು ಹೇಳಿಬಿಡಿ. ಕಾರಣ ಪೂರ್ತಿ ಬಿಡಿಸಿ ಹೇಳಬೇಕಾಗಿಲ್ಲ. "ಆಂಟಿ, ಈ ಸಲ 15ಕ್ಕೆ ಆಗುತ್ತೆ" ಅಂದರೆ ಸಾಕು. ಒಂದು ವಾರ ಮೊದಲು ಗೊತ್ತಾದರೆ ನಾನು ಹೇಗೋ ಹೊಂದಿಸುತ್ತೇನೆ. 10ನೇ ತಾರೀಖಿನ ಬೆಳಗ್ಗೆ ಬ್ಯಾಂಕಿನ ಮೆಸೇಜ್ ನೋಡಿ ಗೊತ್ತಾದರೆ ನನಗೆ ಕೈಕಾಲು ಆಡುವುದಿಲ್ಲ.

ಅಕ್ಟೋಬರ್ ಬಾಡಿಗೆಯನ್ನು ಬುಧವಾರ, 19ರೊಳಗೆ ಹಾಕಿಬಿಡಿ. ಎಂದಿನ ಖಾತೆಗೇ, ಫೋನ್‌ಪೇ ಆದರೂ ಸರಿ. ನೀರಿನ ಬಿಲ್‌ನಲ್ಲಿ ನಿಮ್ಮ ಪಾಲು 340 ರೂಪಾಯಿ ಆಗಿದೆ, ಅದಕ್ಕೆ ಅವಸರ ಇಲ್ಲ, ಡಿಸೆಂಬರ್‌ನಲ್ಲಿ ಬಾಡಿಗೆ ಜೊತೆ ಕೊಡಿ. ಆಫೀಸಿಗೆ ಕೊಡಲು ನಿಮಗೆ ಬಾಡಿಗೆ ರಸೀದಿ ಬೇಕಾಗುತ್ತದಲ್ಲ. ಹೋದ ವರ್ಷ ಜನವರಿಯಲ್ಲಿ ಕೇಳಿದ್ದಿರಿ. ಈ ಸಲ ಹಣ ಬಂದ ತಾರೀಖು ಹಾಕಿ ಎಲ್ಲ ತಿಂಗಳದ್ದೂ ಬರೆದಿಟ್ಟಿರುತ್ತೇನೆ. ಯಜಮಾನರ ಪ್ಯಾನ್ ನಂಬರೂ ಅದರಲ್ಲೇ ಇರುತ್ತದೆ.

ಮುಂದಿನ ಭಾನುವಾರ, 23ಕ್ಕೆ, ಸಂಜೆ ಐದರ ಮೇಲೆ ಇಬ್ಬರೂ ಕೆಳಗೆ ಬನ್ನಿ. 8ನೇ ತಾರೀಖು ನಿಮಗೆ ಒಪ್ಪಿಗೆ ಆದರೆ ಹಾಗೇ ಒಂದು ಚೀಟಿಯಲ್ಲಿ ಬರೆದು ಎರಡು ಕಡೆಯವರೂ ಸಹಿ ಹಾಕಿ ಕರಾರಿನ ಜೊತೆ ಪಿನ್ ಮಾಡಿಡೋಣ. ನಿಮಗೆ ಬೇರೆ ಏನಾದರೂ ತೋಚಿದರೆ ಅದನ್ನೂ ಹೇಳಿ, ಕೇಳುತ್ತೇನೆ. ಜನವರಿಯಲ್ಲಿ ಕರಾರು ಹೊಸದು ಮಾಡುವಾಗ ಶೇಕಡಾ 5 ಬಾಡಿಗೆ ಏರಿಸುವ ಮಾತು ಇದೆ. ಅದನ್ನು ಈಗ ಇದರ ಜೊತೆ ಸೇರಿಸುವುದು ಬೇಡ, ಆಗ ನೋಡೋಣ.

ಪುಟ್ಟಿಯನ್ನೂ ಕರೆದುಕೊಂಡು ಬನ್ನಿ. ಅಂಕಲ್ ಜೊತೆ ಚೆಸ್ ಆಡುತ್ತಿರಲಿ, ನಾವು ಅಡುಗೆ ಮನೆಯಲ್ಲಿ ಕೂತು ಮಾತಾಡಿದರಾಯಿತು.

ಇಂತಿ,
ಸುಮಿತ್ರಮ್ಮ

ವಿ.ಸೂ.: ಶನಿವಾರ ಬೆಳಗ್ಗೆ ಸಂಪ್ ಮತ್ತು ಮೇಲಿನ ಟ್ಯಾಂಕ್ ತೊಳೆಯಲು ಜನ ಬರುತ್ತಾರೆ. ಒಂಬತ್ತರಿಂದ ಮಧ್ಯಾಹ್ನದವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಲತಾಗೆ ಶುಕ್ರವಾರ ರಾತ್ರಿಯೇ ಒಂದೆರಡು ಬಕೆಟ್ ತುಂಬಿಸಿಡಲು ಹೇಳಿ.