ತಾತನ ಪಟ್ಟದ ಕತ್ತಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವ ಬಗ್ಗೆ

ಹೇಮಾವತಿ ನಗರ, ಹಾಸನ
6 ನವೆಂಬರ್ 2024

ಕ್ಯೂರೇಟರ್ ಅವರಿಗೆ,
ಜಿಲ್ಲಾ ಸರ್ಕಾರಿ ವಸ್ತುಸಂಗ್ರಹಾಲಯ,
ಮಹಾರಾಜ ಪಾರ್ಕ್, ಹಾಸನ

ಮಾನ್ಯರೇ, ನಮಸ್ಕಾರ.

ದಸರಾ ಕಳೆದ ಕೂಡಲೇ ಬರೆಯಬೇಕು ಅಂತಿದ್ದೆ. ಹಾಸನಾಂಬೆ ಬಾಗಿಲು ತೆಗೆದಿರುವಾಗ ಊರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ನಿಮಗಂತೂ ಇನ್ನೂ ಕಷ್ಟ. ಹಾಗಾಗಿ ಬಾಗಿಲು ಹಾಕಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಪಟ್ಟದ ಕತ್ತಿ ಇದೆ. ನಮ್ಮ ತಾತ ಸಿದ್ದೇಗೌಡರು ಹಳೇ ಮಾವಿನಕೊಪ್ಪಲಿನ ಪಟೇಲರಾಗಿದ್ದರು. ವಿಜಯದಶಮಿ ದಿನ ಊರ ಪರವಾಗಿ ಬಾಳೆ ಕಡಿಯುತ್ತಿದ್ದದ್ದು ಇದೇ ಕತ್ತಿಯಲ್ಲಿ. ಇದನ್ನು ದುಡ್ಡಿಲ್ಲದೆ, ಪೂರ್ತಿಯಾಗಿ, ನಿಮ್ಮ ಮ್ಯೂಸಿಯಂಗೆ ಕೊಡಬೇಕು ಅಂತ ನಾನು, ನನ್ನ ತಂಗಿ, ಚಿಕ್ಕಪ್ಪ ಮತ್ತು ಸೋದರತ್ತೆ ಕೂತು ತೀರ್ಮಾನ ಮಾಡಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕತ್ತಿ ಯುದ್ಧ ನೋಡಿದೆ ಅನ್ನುವುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇಲ್ಲ. ಅತ್ತೆ ಮಾತ್ರ, ಬಲಂ ಪಾಳೆಯಗಾರರು ನಮ್ಮ ಹಿರಿಯರಿಗೆ ಕೊಟ್ಟಿದ್ದು ಅಂತ ಹೇಳುತ್ತಾರೆ. ಮಂಜರಾಬಾದ್ ಸೀಮೆಯ ಪಕ್ಕದವರೆಲ್ಲ ಹೇಳುವ ಕಥೆ ಅದು, ಕೇಳುವುದಕ್ಕೂ ಚೆನ್ನಾಗಿರುತ್ತೆ. ತಾತ ಆ ಕಥೆ ಯಾವತ್ತೂ ಹೇಳಲಿಲ್ಲ. ಕೇಳಿದರೆ, "ಅಪ್ಪ ನಂಗೆ ಕೊಟ್ಟರು, ಅವರಿಗೆ ಅವರಪ್ಪ ಕೊಟ್ಟರು, ಅದಕ್ಕೂ ಹಿಂದೆ ನಾನಿರಲಿಲ್ಲ ಕಣಪ್ಪ" ಅನ್ನುತ್ತಿದ್ದರು. ಮೂರು ತಲೆಮಾರು ಅಂತ ಹಿಡಿದರೂ ನೂರು ವರ್ಷ ದಾಟುತ್ತೆ. ಅದಕ್ಕಿಂತ ಹಳೆಯದೋ ಅಲ್ಲವೋ ಕಬ್ಬಿಣ ನೋಡಿ ಹೇಳುವವರು ನೀವು. ಹೆಸರಿನ ಚೀಟಿ ಬರೆಯುವಾಗ 'ಪಾಳೆಯಗಾರರ ಯುದ್ಧದ ಕತ್ತಿ' ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಅದು ಮಾಡಿದ ಕೆಲಸವೇ ಬೇರೆ, ಆ ಕೆಲಸಕ್ಕೂ ಒಂದು ಬೆಲೆ ಇದೆ.

ಕತ್ತಿ ಹೇಗಿದೆ ಅಂತ ಹೇಳುತ್ತೇನೆ. ಅಲಗು 29 ಇಂಚು, ಸ್ವಲ್ಪ ಬಾಗಿದೆ, ಒಂದೇ ಕಡೆ ಹರಿತ. ತಲವಾರಿನ ಹಿಡಿ, ತುದಿಯಲ್ಲಿ ತಟ್ಟೆಯ ಹಾಗೆ ಅಗಲವಾದ ಬಿಲ್ಲೆ. ಹಿಡಿಯ ಕಬ್ಬಿಣದ ಮೇಲೆ ಬೆಳ್ಳಿ ತಂತಿ ಕೂರಿಸಿ ಬಳ್ಳಿ ಬಿಡಿಸಿದ್ದಾರೆ. ಬೆರಳು ತಾಗುವ ಕಡೆಯೆಲ್ಲ ಬೆಳ್ಳಿ ಹೋಗಿ ಗೀರು ಮಾತ್ರ ಉಳಿದಿದೆ. ಬಿಲ್ಲೆಯ ಒಳಮಗ್ಗುಲಲ್ಲಿ ಚುಕ್ಕೆ ಕುಟ್ಟಿ '೨೬' ಅಂತ ಬರೆದಿದೆ. ಅದು ಬೆಳ್ಳಿಯ ತೂಕವೋ, ಯಾವುದಾದರೂ ಉಗ್ರಾಣದ ಲೆಕ್ಕದ ನಂಬರೋ, ನಿಮ್ಮವರು ನೋಡಲಿ. ಹಿಡಿ ಈಗ ಸ್ವಲ್ಪ ಅಲ್ಲಾಡುತ್ತೆ. ಒಳಗಿನ ಅರಗು ಒಣಗಿದೆ. ಒಂದು ಸಲ ಹೀಗೇ ಸಡಿಲ ಆದಾಗ ಊರಿನ ಆಚಾರ್ರು ಅರಗು ಕರಗಿಸಿ ಹೊಯ್ದು ಕೂರಿಸಿದ್ದರಂತೆ. ಈ ಸಲ ನಾವು ಕೈ ಹಾಕಿಲ್ಲ.

ಒರೆ ಮರದ್ದು, ಮೇಲೆ ಕೆಂಪು ಮಖಮಲ್. ಮಖಮಲ್ ಅರ್ಧ ಇಲಿ ತಿಂದಿದೆ. ತುದಿಯ ಬೆಳ್ಳಿ ಕುಪ್ಪಿಗೆ ಗಟ್ಟಿ ಇದೆ. ಒರೆಯೊಳಗೆ ತೇವ ನಿಂತು ತುಕ್ಕು ಜಾಸ್ತಿ ಆಗುತ್ತೆ ಅಂತ ಗೊತ್ತಾದ ಮೇಲೆ ಕತ್ತಿ ಬೇರೆ, ಒರೆ ಬೇರೆ ಇಟ್ಟಿದ್ದೇನೆ.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅಜ್ಜಿ ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಅಲಗು ಫಳಫಳ ಅನ್ನಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನ ಇಲ್ಲ. ಬೆಳ್ಳಿ ಸವೆದದ್ದಕ್ಕೆ ಅರ್ಧ ಕಾರಣ ಆ ಭಕ್ತಿಯೇ ಇರಬೇಕು! ಅಜ್ಜಿ ಹೋದ ಮೇಲೆ ಯಾರೂ ತಿಕ್ಕಿಲ್ಲ, ಬರೀ ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಹಿಡಿಯ ಸಂದಿಯಲ್ಲಿ ಕುಂಕುಮ, ಅರಿಶಿನ ಗಟ್ಟಿಯಾಗಿ ಕೂತಿದೆ. ಮೇಲೆ ಕೆಂಪು, ಸ್ವಲ್ಪ ಕೆರೆದರೆ ಕಪ್ಪು, ಅದರಡಿ ಮತ್ತೆ ಹಳದಿ. ಕಬ್ಬಿಣಕ್ಕೆ ತೊಂದರೆ ಇಲ್ಲ ಅಂತಾದರೆ ಅದನ್ನು ಹಾಗೇ ಬಿಡಿ ಅನ್ನುವುದು ನನ್ನ ಕೋರಿಕೆ. ತೆಗೆಯಲೇಬೇಕು ಅಂದರೆ ಮೊದಲು ಒಂದು ಫೋಟೋ ತೆಗೆದಿಡಿ.

ಇನ್ನು ಇದು ಮಾಡಿದ ಕೆಲಸ. ವಿಜಯದಶಮಿ ಸಂಜೆ ದೇವರ ಅಡ್ಡೆ ಹೊರಟು ಊರಾಚೆಯ ಬನ್ನಿಮರದ ಹತ್ತಿರ ಹೋಗಬೇಕು. ಅಲ್ಲಿ ಒಂದು ಬಾಳೆಕಂದು ನೆಟ್ಟಿರುತ್ತಾರೆ. ಪೂಜೆ ಆದ ಮೇಲೆ ಪಟೇಲರು ಒಂದೇ ಏಟಿಗೆ ಅದನ್ನು ಕಡಿಯಬೇಕು. ಕಡಿದ ಕೂಡಲೇ ಜನ ಬನ್ನಿಸೊಪ್ಪಿಗೆ ನುಗ್ಗುತ್ತಿದ್ದರು. ಬಾಳೆದಿಂಡು ಮೆತ್ತಗಿರುತ್ತೆ, ಅದೇನು ಮಹಾ ಅನ್ನಿಸಬಹುದು. ಒಳಗೆಲ್ಲ ನೀರು, ನಾರು. ಕೈ ಓರೆಯಾದರೆ ಅಲಗು ನಡುವೆ ಸಿಕ್ಕಿಕೊಳ್ಳುತ್ತೆ. ಎರಡನೇ ಏಟು ಹಾಕಿದ ವರ್ಷ ಮಳೆ ಹೆಚ್ಚುಕಮ್ಮಿ ಆದರೆ, ಭತ್ತಕ್ಕೆ ರೋಗ ಬಂದರೆ, ಎಲ್ಲಾ ಪಟೇಲರ ತಲೆಗೇ ಬರುತ್ತಿತ್ತು. ತಾತ ನವರಾತ್ರಿಯ ಒಂಬತ್ತು ದಿನವೂ ಹಿತ್ತಲಲ್ಲಿ ಗೊನೆ ಕುಯ್ದ ಬಾಳೆಗಿಡ ಕಡಿದು ಕೈ ಪಳಗಿಸಿಕೊಳ್ಳುತ್ತಿದ್ದರು ಅಂತ ಅತ್ತೆ ನಗುತ್ತಾರೆ. ಊರವರಿಗೆ ಇದು ಗೊತ್ತಿರಲಿಲ್ಲವಂತೆ. ಗೊತ್ತಿದ್ದೂ ಸುಮ್ನಿದ್ದರು ಅಂತ ನನಗನ್ನಿಸುತ್ತೆ.

ಮನೆಯವರು 'ನಮ್ಮ ಕತ್ತಿ' ಅನ್ನುತ್ತೇವೆ ನಿಜ. ಆದರೆ ಇದನ್ನು ಮಸೆದು ಕೊಡುತ್ತಿದ್ದವರು ಆಚಾರ್ರು. ಮೆರವಣಿಗೆಯಲ್ಲಿ ಹೊತ್ತು ಮುಂದೆ ನಡೆಯುತ್ತಿದ್ದವರು ತಳವಾರರ ಮನೆಯವರು. ಅದು ಇಡಲು ಹಾಸುತ್ತಿದ್ದ ಮಡಿ ಮಡಿವಾಳರದ್ದು. ತಾತನ ಕೈಗೆ ಬರುತ್ತಿದ್ದದ್ದು ಆ ಒಂದು ಏಟಿಗೆ ಮಾತ್ರ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದು ಬೇಡ. ಊರೆಲ್ಲ ಕತ್ತಿ ಹೊತ್ತು ಬಂದ ತಳವಾರ ನಮ್ಮ ಮನೆ ಜಗಲಿ ಹತ್ತುವಂತಿರಲಿಲ್ಲ. ಕತ್ತಿ ಒಳಗೆ ಹೋಗುತ್ತಿತ್ತು, ಅವನು ಅಂಗಳದಲ್ಲೇ ನಿಲ್ಲುತ್ತಿದ್ದ. ಅತ್ತೆ ಇದನ್ನು ಬರೆಯಬೇಡ ಅಂದರು. ಬರೆಯಲೇಬೇಕು ಅಂತ ನಾನು ಅಂದೆ. ಕತ್ತಿಯ ಚರಿತ್ರೆ ಬರೆಯುವುದಾದರೆ ಪಟೇಲರ ಹೆಸರಿನ ಜೊತೆಗೆ ಈ ಮೂರು ಮನೆಯವರ ಕೆಲಸವೂ ಬರಲಿ.

ತಾತ ಅವರಪ್ಪ ತೀರಿಕೊಂಡ ಮೇಲೆ, 1944ರಲ್ಲಿ ಪಟೇಲರಾದರು. ಕಂದಾಯ ವಸೂಲಿ, ಊರ ಪಂಚಾಯ್ತಿ, ಅಮಲ್ದಾರರು ಬಂದರೆ ಬಿಡಾರ, ಇದೇ ಅವರ ಕೆಲಸ. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಎರಡೂ ಹೋದವು. ತಾತನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ ಅಂತ ಕಾಣುತ್ತೆ. ಬಾಕಿದಾರರ ಬಾಯಿಗೆ ಬೀಳುವುದು ತಪ್ಪಿತು ಅನ್ನುತ್ತಿದ್ದರು. ಪಟೇಲಿಕೆ ಹೋದರೂ ಬಾಳೆ ಕಡಿಯುವುದು ಮಾತ್ರ ಅವರಿಗೇ ಉಳಿಯಿತು, ಊರವರು ಬಿಡಲಿಲ್ಲ.

ಅದು ನಿಂತದ್ದು ನೀರು ಬಂದ ಮೇಲೆ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ನಮ್ಮೂರು, ಗದ್ದೆ, ಬನ್ನಿಮರ ಎಲ್ಲ ಸೇರಿತು. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ನೀರು. ನಮ್ಮೂರಿನಲ್ಲಿ ಹಾಗೆ ಮೇಲೆ ಕಾಣುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. ಪರಿಹಾರದ ಜಮೀನು ಒಬ್ಬರಿಗೆ ಒಂದು ಕಡೆ, ಇನ್ನೊಬ್ಬರಿಗೆ ಮತ್ತೊಂದು ಕಡೆ ಸಿಕ್ಕಿ ಊರು ಚದುರಿತು. ಹೊಸ ಜಾಗದಲ್ಲಿ ಬಾಳೆ ನೆಟ್ಟು ಕಡಿಯೋಣ ಅಂತ ಕೆಲವರು ಕೇಳಿದರಂತೆ. "ಅಲ್ಲಿ ಅವರದ್ದೇ ಊರು, ಅವರದ್ದೇ ಪಟೇಲರು ಇದ್ದಾರೆ, ನಾವು ಹೋಗಿ ಕತ್ತಿ ಎತ್ತೋದು ಸರಿಯಲ್ಲ" ಅಂತ ತಾತ ಒಪ್ಪಲಿಲ್ಲ. ಅಲ್ಲಿಂದ ಮುಂದೆ, 1998ರಲ್ಲಿ ಅವರು ತೀರಿಕೊಳ್ಳುವವರೆಗೂ, ಕತ್ತಿಗೆ ಮನೆಯೊಳಗಿನ ಪೂಜೆ ಮಾತ್ರ.

ಇದನ್ನು ನಮ್ಮಲ್ಲೇ ಇಟ್ಟುಕೊಳ್ಳಬಹುದಿತ್ತು. ಚಿಕ್ಕಪ್ಪನ ಮಗ ಸಕಲೇಶಪುರದ ಹತ್ತಿರ ಹೋಂಸ್ಟೇ ಮಾಡಿದ್ದಾನೆ, ಗೋಡೆಗೆ ಹಾಕುತ್ತೇನೆ ಅಂದ. ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ನೋಡಿ, ಒರೆ ಬೇಡ, ಹಿಡಿ ಪಾಲಿಶ್ ಮಾಡಿಸಿ ಕೊಡಿ, ಒಳ್ಳೇ ರೇಟು ಕೊಡುತ್ತೇನೆ ಅಂದರು. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಕಾಯಿದೆ ಇದೆ, ವ್ಯಾಪಾರಕ್ಕೆ ನಿಮ್ಮ ಹತ್ತಿರ ಲೈಸೆನ್ಸ್ ಇದೆಯಾ ಅಂತ ಕೇಳಿದೆ. ಟೀ ಕುಡಿದು ಹೋದವರು ಮತ್ತೆ ಬರಲಿಲ್ಲ. ನಮ್ಮೂರವರ ಮಕ್ಕಳು ಮೊಮ್ಮಕ್ಕಳು ಆಲೂರು, ಅರಕಲಗೂಡು, ಹಾಸನ, ಬೆಂಗಳೂರು ಅಂತ ಹಂಚಿಹೋಗಿದ್ದಾರೆ. ಅವರೆಲ್ಲ ಯಾರನ್ನೂ ಕೇಳದೆ ಬಂದು ನೋಡಬಹುದಾದ ಜಾಗ ನಮ್ಮ ನಡುಮನೆಯಲ್ಲ, ನಿಮ್ಮ ಮ್ಯೂಸಿಯಂ. ಬೆಂಗಳೂರು, ಮೈಸೂರಿಗೆ ಕೊಡದೆ ಹಾಸನಕ್ಕೇ ಕೊಡುತ್ತಿರುವುದೂ ಇದಕ್ಕೇ.

ಕತ್ತಿಯ ಜೊತೆಗೆ ಮೂರು ಚೂರು ಸಾಮಾನು ಕೊಡುತ್ತೇವೆ. ತಾತನ ಪಟೇಲಿಕೆಯ ಆದೇಶದ ಕಾಗದ, ಮಡಿಕೆಯಲ್ಲಿ ಹರಿದಿದೆ. ಅವರ ಕೈಬರಹದ ಒಂದು ಜಮಾಬಂದಿ ಲೆಕ್ಕದ ಪುಸ್ತಕ. 1950ರ ದಶಕದ ಒಂದು ಫೋಟೋ: ಕಪ್ಪು ಕೋಟು, ಜರಿ ಪೇಟ, ಪಂಚೆ, ಬರಿಗಾಲು, ಹೆಗಲ ಮೇಲೆ ಈ ಕತ್ತಿ. ಫೋಟೋದಲ್ಲಿ ಹಿಡಿಗೆ ಒಂದು ಕುಚ್ಚು ಕಾಣುತ್ತೆ, ಅದು ಈಗಿಲ್ಲ. ಹಿಂದೆ ಮಸುಕಾಗಿ ನಿಂತಿರುವವನು ತಳವಾರರ ಮನೆಯ ಹುಡುಗ ಅಂತ ಅತ್ತೆ ಗುರುತು ಹಿಡಿದಿದ್ದಾರೆ.

ಷರತ್ತು ಅಂತ ಏನೂ ಇಲ್ಲ. ಯಾವಾಗಲೂ ಪ್ರದರ್ಶನಕ್ಕೆ ಇಡಲೇಬೇಕು ಅಂತಲೂ ಇಲ್ಲ, ಜಾಗದ ಕಷ್ಟ ನಿಮಗಿರುತ್ತೆ. ಪಡೆದದ್ದಕ್ಕೆ ಒಂದು ಬರಹ, ನಿಮ್ಮ ದಾಖಲೆ ಪುಸ್ತಕದ ನಂಬರು, ಇವೆರಡು ಕೊಟ್ಟರೆ ಸಾಕು. ಪೂಜೆಗೆ ಅಂತ ವರ್ಷಕ್ಕೊಮ್ಮೆ ವಾಪಸ್ ಕೇಳೋಣ ಅಂತ ಅತ್ತೆ ಅಂದರು. ಬೇಡ ಅಂದೆವು, ಕೊಟ್ಟ ಮೇಲೆ ಕೊಟ್ಟ ಹಾಗೇ.

ಇಷ್ಟುದ್ದದ ಕತ್ತಿ ಹಿಡಿದು ಸಿಟಿ ಬಸ್ಸಲ್ಲಿ ಬರುವಂತಿಲ್ಲ, ಅಲ್ವಾ? ನಿಮ್ಮ ಸಿಬ್ಬಂದಿಯೇ ಮನೆಗೆ ಬಂದು ಪಡೆದುಕೊಂಡರೆ ಒಳ್ಳೆಯದು. ನಾನೇ ತರಬೇಕು ಅಂದರೆ ನಿಮ್ಮ ಕಚೇರಿಯಿಂದ ಒಂದು ಪತ್ರ ಕೊಡಿ, ಮೊದಲು ಠಾಣೆಗೆ ತಿಳಿಸಿ ಆಮೇಲೆ ಕಾರಿನಲ್ಲಿ ತರುತ್ತೇನೆ. ಭಾನುವಾರ ಬಿಟ್ಟು ಯಾವ ದಿನ ಸಂಜೆ ನಾಲ್ಕರ ನಂತರ ಬಂದರೂ ಮನೆಯಲ್ಲಿರುತ್ತೇನೆ. ಅತ್ತೆಯೂ ಈ ತಿಂಗಳು ಪೂರ್ತಿ ಇಲ್ಲೇ ಇರುತ್ತಾರೆ. ಅವರಿಗೆ 81 ವರ್ಷ. ಬಾಳೆ ಕಡಿಯುವುದನ್ನು ಕಣ್ಣಾರೆ ಕಂಡವರು ನಮ್ಮ ಮನೆಯಲ್ಲಿ ಈಗ ಅವರೊಬ್ಬರೇ. ನಿಮ್ಮವರು ಬರುವಾಗ ರೆಕಾರ್ಡ್ ಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ತನ್ನಿ. ಪಾಳೆಯಗಾರರ ಕಥೆಯನ್ನೂ ಹೇಳುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ.

ಕತ್ತಿಯ ನಾಲ್ಕು ಫೋಟೋ, ತಾತನ ಫೋಟೋದ ಪ್ರತಿ, ಮನೆಯವರೆಲ್ಲ ಸಹಿ ಮಾಡಿದ ಒಪ್ಪಿಗೆ ಪತ್ರ ಇದರ ಜೊತೆ ಇಟ್ಟಿದ್ದೇನೆ. ನನ್ನ ಫೋನ್ ನಂಬರು ಲಕೋಟೆಯ ಮೇಲಿದೆ.

ಇಂತಿ ನಿಮ್ಮ ವಿಶ್ವಾಸಿ,
ಎಂ. ಎಸ್. ಮಂಜುನಾಥ
(ದಿವಂಗತ ಪಟೇಲ್ ಸಿದ್ದೇಗೌಡರ ಮೊಮ್ಮಗ)