ವೀಣಾ, ಆ ಫೋಟೊ ವಿಚಾರ

ವೀಣಾ,

ನಿನ್ನೆ ರಾತ್ರಿ ಫೋನ್ ಇಡುವ ಮುಂಚೆ "ಅದರಲ್ಲಿರುವುದು ನಾನಲ್ಲ ಕಣೇ" ಎಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. "ಹೋಗಲಿ ಬಿಡು, ಚೆನ್ನಾಗಿಯೇ ಬಂದಿದೆ" ಎಂದುಬಿಟ್ಟೆ. ತಪ್ಪಾಯಿತು. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ: ನಿಮ್ಮ ಅಕ್ಕನ ಮದುವೆಯಲ್ಲಿ ತೆಗೆದು, ತಿದ್ದಿ ಸ್ಟುಡಿಯೊದವರು ಹಾಕಿದ ನಿನ್ನ ಆ ಫೋಟೊಗೆ ಮೊದಲು ಲೈಕ್ ಒತ್ತಿದವರಲ್ಲಿ ನಾನೂ ಒಬ್ಬಳು. ಹಾಸನದ ಬಸ್ಸಿನಲ್ಲಿ ನಿಂತುಕೊಂಡು, ಸೀರೆ ನೋಡಿಯೇ ನೀನೆಂದು ಗುರುತು ಹಿಡಿದು ಒತ್ತಿದ್ದೆ. ಮುಖ ನೋಡಿರಲೇ ಇಲ್ಲ. ಬೆಳಿಗ್ಗೆ ಅದನ್ನು ತೆಗೆದಿದ್ದೇನೆ.

ಆಮೇಲೆ ದೊಡ್ಡದು ಮಾಡಿ ನೋಡಿದೆ. ಮುಖಕ್ಕೆ ಒಂದು ಬಣ್ಣ, ಆರತಿ ತಟ್ಟೆ ಹಿಡಿದ ಕೈಗೆ ಇನ್ನೊಂದು. ಕೈ ನಿನ್ನದು, ಮುಖ ಯಾರದೋ. ಮೂಗು ಸಣ್ಣದಾಗಿದೆ, ಕೆನ್ನೆ ಪಿಂಗಾಣಿ ಬಟ್ಟಲಿನಂತೆ ನುಣ್ಣಗಾಗಿದೆ. ಸೊಂಟ ಸಣ್ಣ ಮಾಡಲು ಹೋಗಿ ಹಿಂದಿದ್ದ ಬಾಳೆಕಂಬವನ್ನೂ ಒಳಕ್ಕೆ ಎಳೆದಿದ್ದಾರೆ. ನಡುವಿನಲ್ಲಿ ಡೊಂಕಾಗಿ ನಿಂತಿದೆ ಪಾಪ. ಅದನ್ನು ಕಂಡು ನಗು ಬಂತು. ಹುಬ್ಬಿನ ಮೇಲಿನ ಗಾಯದ ಗುರುತು ಇಲ್ಲದ್ದನ್ನು ಕಂಡಾಗ ನಗು ನಿಂತಿತು. ಏಳನೆಯ ತರಗತಿಯಲ್ಲಿ ನಿಮ್ಮ ಹಿತ್ತಲ ಸೀಬೆ ಮರದಿಂದ ಬಿದ್ದಾಗ ನನ್ನ ಲಂಗದ ಅಂಚಿನಿಂದ ರಕ್ತ ಒರೆಸಿದವಳು ನಾನು. ಅದನ್ನು ಅಳಿಸಲು ಅವರು ಯಾರು?

ಫೋಟೊಗಿಂತ ಅದರ ಕೆಳಗಿನ ಮಾತುಗಳೇ ನಿನಗೆ ಚುಚ್ಚಿರಬೇಕು. "ಈಗ ನೋಡಿ, ಎಷ್ಟು ಲಕ್ಷಣವಾಗಿದ್ದಾಳೆ" ಎಂದು ನಿನ್ನ ಸೋದರತ್ತೆ ಬರೆದಿದ್ದಾರೆ. ಹೊಗಳಿಕೆಯಂತೆ! ಸುಣ್ಣ ಬಳಿದ ಮೇಲೆ ಹೊಗಳಿದರೆ, ಇಷ್ಟು ದಿನ ಏನೆಂದುಕೊಂಡಿದ್ದರು ಎಂಬುದು ತಾನಾಗಿಯೇ ಹೊರಬೀಳುತ್ತದೆ. ನಾವು ಹೈಸ್ಕೂಲಿನಲ್ಲಿ ಕದ್ದು ಹಚ್ಚಿಕೊಳ್ಳುತ್ತಿದ್ದ ಆ ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಪದವನ್ನು 2020ರಲ್ಲೇ ತೆಗೆದರು. ಮದುವೆಮನೆಯಿಂದ ಅದು ಹೋಗಿಲ್ಲ.

ಎಡಿಟ್ ಮಾಡಿದ ಹುಡುಗ ನಿನ್ನನ್ನೇ ಆರಿಸಿ ಹೀಗೆ ಮಾಡಿದಂತೆ ಕಾಣುವುದಿಲ್ಲ. ನಿಮ್ಮ ಅಜ್ಜಿಯ ಸುಕ್ಕುಗಳೂ ಮಾಯವಾಗಿವೆ, ಎಂಬತ್ತರ ಮುದುಕಿಗೆ ಮೂವತ್ತರ ಹಣೆ. ಎಲ್ಲರಿಗೂ ಒಂದೇ ಗುಂಡಿ ಒತ್ತಿರುತ್ತಾನೆ. ಆದರೂ ಹಾಕುವ ಮುಂಚೆ ಒಂದು ಮಾತು ಕೇಳಬೇಕಿತ್ತು.

ಅದನ್ನು ತೆಗೆಸಬೇಕೆಂದರೆ ಸ್ಟುಡಿಯೊದವರ ಜೊತೆ ನಾನೇ ಮಾತನಾಡುತ್ತೇನೆ. ನಿಮ್ಮ ಅಕ್ಕನ ಆಲ್ಬಮ್ ಇನ್ನೂ ಮುದ್ರಣಕ್ಕೆ ಹೋಗಿಲ್ಲ ಎಂದಿದ್ದೆ. ಅದಕ್ಕೂ ತಿದ್ದದ ಫೋಟೊವನ್ನೇ ಹಾಕಿಸೋಣ. ಬೇಡವೆಂದರೆ ಸುಮ್ಮನಿರುತ್ತೇನೆ. ನಿನ್ನನ್ನು ಕೇಳದೆ ನಿನ್ನ ಮುಖದ ವಿಚಾರದಲ್ಲಿ ಒಬ್ಬರು ಕೈಯಾಡಿಸಿದ್ದು ಸಾಲದೆ ನಾನೂ ಶುರು ಮಾಡುವುದಿಲ್ಲ.

ಇದರ ಜೊತೆ ಒಂದು ಫೋಟೊ ಕಳುಹಿಸಿದ್ದೇನೆ. ಊಟದ ಪಂಕ್ತಿಯಲ್ಲಿ ನನ್ನ ಮೊಬೈಲಿನಲ್ಲಿ ತೆಗೆದದ್ದು. ಹೋಳಿಗೆಗೆ ಇನ್ನಷ್ಟು ತುಪ್ಪ ಬೇಕೆಂದು ಬಡಿಸುವವರನ್ನು ಕೂಗುತ್ತಿದ್ದೀಯ. ಬಾಯಿ ಪೂರ್ತಿ ತೆರೆದಿದೆ, ಮಲ್ಲಿಗೆ ದಂಡೆ ಕಿವಿಯ ಮೇಲೆ ಜಾರಿದೆ, ಹುಬ್ಬಿನ ಗುರುತು ಇದ್ದಲ್ಲೇ ಇದೆ. ಯಾರಿಗೂ ತೋರಿಸಿಲ್ಲ. ಮನಸ್ಸಾದಾಗ ತೆರೆದು ನೋಡು.

ಭಾನುವಾರ ಬರುತ್ತೇನೆ. ಸೀಬೆ ಕಾಯಿ ಬಿಟ್ಟಿದೆಯೇ?

ನಿನ್ನ
ರೇಖಾ