ನಮ್ಮ ವಿಡಿಯೋಗಳಲ್ಲಿ ಜಾಹೀರಾತು ತಿಳಿಸುವ ನಿಯಮಗಳು

ಇದು ಮಂಗಳೂರು, ಉಡುಪಿ ಸುತ್ತಮುತ್ತಲಿನ ಊಟ, ತಿಂಡಿ, ಪ್ರವಾಸದ ವಿಡಿಯೋ ಮಾಡುವ ನಮ್ಮ ತಂಡದ ಎಲ್ಲರಿಗೂ: ಮಾತಾಡುವವರು, ಕ್ಯಾಮೆರಾದವರು, ಎಡಿಟಿಂಗ್ ಮಾಡುವವರು, ಕಂಪನಿಯವರ ಫೋನ್ ಎತ್ತುವವರು. ಶಾರ್ಟ್ಸ್, ರೀಲ್ಸ್, ಲೈವ್‌ಗೂ ಇದೇ ನಿಯಮ.

ಮೊದಲನೆಯದು. ನಾವು ಹೊಗಳುವುದನ್ನು ಕೇಳುವ ಮೊದಲೇ, ಅದಕ್ಕೆ ನಮಗೆ ಏನಾದರೂ ಸಿಕ್ಕಿದೆಯಾ ಎಂದು ನೋಡುವವರಿಗೆ ಗೊತ್ತಾಗಬೇಕು. ಕೊನೆಯಲ್ಲಿ ಹೇಳಿದರೆ ಆಗುವುದಿಲ್ಲ. ಅಷ್ಟು ಹೊತ್ತಿಗೆ ಅವರು ನಂಬಿ ಆಗಿರುತ್ತದೆ.

ದುಡ್ಡು ಬಂದರೆ ಮಾತ್ರ ಜಾಹೀರಾತು ಎಂದುಕೊಳ್ಳಬೇಡಿ. ಬಿಲ್ ತಗೊಳ್ಳದೆ ಬಡಿಸಿದ ಘೀ ರೋಸ್ಟ್, ಮಲ್ಪೆಯ ಹೋಂಸ್ಟೇಯಲ್ಲಿ ಪುಕ್ಕಟೆಯಾಗಿ ಕಳೆದ ಎರಡು ರಾತ್ರಿ, ಕೊರಿಯರ್‌ನಲ್ಲಿ ಬಂದ ಮಿಕ್ಸಿ, ನಮಗೆ ಮಾತ್ರ ಕೊಟ್ಟ ರಿಯಾಯಿತಿ, ಲಿಂಕ್ ಒತ್ತಿ ಕೊಂಡರೆ ನಮಗೆ ಬರುವ ಕಮಿಷನ್, ಎಲ್ಲವನ್ನೂ ಹೇಳಲೇಬೇಕು. ‘ಸುಮ್ನೆ ಇಟ್ಕೊಳ್ಳಿ, ವಿಡಿಯೋ ಮಾಡಲೇಬೇಕು ಅಂತಿಲ್ಲ’ ಎಂದು ಕೊಟ್ಟರೂ, ವಿಡಿಯೋದಲ್ಲಿ ಅದು ಬಂದರೆ ಹೇಳಬೇಕು. ಮಾವನ ಅಂಗಡಿ, ಅಕ್ಕ ಕೆಲಸ ಮಾಡುವ ಕಂಪನಿ ಎಂಬ ಸಂಬಂಧವೂ ಸೇರಿತು. ನಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಿರುತ್ತಾರೆ, ಹಾಗಾಗಿ ಇದನ್ನು ಮರೆಯುವುದು ಸುಲಭ.

ನಾವೇ ಬಿಲ್ ಕೊಟ್ಟು ತಿಂದಿದ್ದರೆ, ಬೇರೆ ಯಾವ ಸಂಬಂಧವೂ ಇಲ್ಲದಿದ್ದರೆ, ಲೇಬಲ್ ಬೇಡ. ಆ ಬಿಲ್ ಫೋಲ್ಡರ್‌ನಲ್ಲಿ ಇರಲಿ.

ಹೇಳುವುದು ಹೇಗೆ? ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ಬರೆಯಬೇಕು. ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಬರೆಯಿರಿ. ವಸ್ತು ಪುಕ್ಕಟೆ ಬಂದಿದ್ದರೆ ‘ಉಚಿತವಾಗಿ ಬಂದದ್ದು’ ಎನ್ನಿ. ‘ಇಂಥವರಿಗೆ ಥ್ಯಾಂಕ್ಸ್’ ಎಂದರೆ ಅದು ತಿಳಿಸಿದ ಹಾಗೆ ಅಲ್ಲ. ಕೆಳಗಿನ ವಿವರಣೆಯಲ್ಲಿ ಹತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಹಾಕಿದರೂ ಅಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯೂ ಇದನ್ನೇ ಹೇಳುತ್ತದೆ: ವಿಡಿಯೋದ ಒಳಗೇ, ದನಿ ಮತ್ತು ಚಿತ್ರ ಎರಡರಲ್ಲೂ, ಹೊಗಳಿದ ಭಾಷೆಯಲ್ಲೇ ತಿಳಿಸಬೇಕು. ನಮಗೆ ಇದು ತುಂಬ ಮುಖ್ಯ. ತುಳುವಿನಲ್ಲಿ ಮಾತಾಡಿದ ಭಾಗಕ್ಕೆ ತುಳುವಿನಲ್ಲೇ ‘ಉಂದು ಜಾಹೀರಾತು’ ಎನ್ನಬೇಕು. ಅಡುಗೆ ಮಾಡುತ್ತಾ ಕಿವಿಯಲ್ಲಷ್ಟೇ ಕೇಳುವ ಅಮ್ಮಂದಿರು ನಮಗೆ ಜಾಸ್ತಿ ಇದ್ದಾರೆ. ಪರದೆಯ ಅಕ್ಷರ ಅವರಿಗೆ ತಲುಪುವುದಿಲ್ಲ.

ಲೇಬಲ್ ಎಷ್ಟು ಹೊತ್ತು ಇರಬೇಕು ಎಂಬುದಕ್ಕೆ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2021ರಲ್ಲಿ ಮಾಡಿದ ಲೆಕ್ಕವನ್ನೇ ಪಾಲಿಸುತ್ತೇವೆ. 15 ಸೆಕೆಂಡ್‌ವರೆಗಿನ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡ್. ಅದಕ್ಕಿಂತ ಉದ್ದ, ಆದರೆ 2 ನಿಮಿಷಕ್ಕಿಂತ ಕಡಿಮೆ ಇದ್ದರೆ ವಿಡಿಯೋದ ಮೂರನೇ ಒಂದು ಭಾಗ. 2 ನಿಮಿಷ ಅಥವಾ ಹೆಚ್ಚಿದ್ದರೆ, ಆ ಬ್ರ್ಯಾಂಡ್ ಬಗ್ಗೆ ಮಾತಾಡುವ ಭಾಗ ಪೂರ್ತಿ.

ಒಂದು ಉದಾಹರಣೆ. ಬಂಗುಡೆ ಪುಳಿಮುಂಚಿಯ 12 ನಿಮಿಷದ ವಿಡಿಯೋ. ಮಸಾಲೆ ಪುಡಿಯ ಕಂಪನಿ ದುಡ್ಡು ಕೊಟ್ಟಿದೆ. 4:10ಕ್ಕೆ ಪ್ಯಾಕೆಟ್ ಕೈಗೆ ಬರುತ್ತದೆ, 6:50ಕ್ಕೆ ಬಾಣಲೆಗೆ ಹಾಕಿ ಮುಗಿಯುತ್ತದೆ. ಪ್ಯಾಕೆಟ್ ತೋರಿಸುವ ಮೊದಲೇ ‘ಈ ಭಾಗಕ್ಕೆ ಮಸಾಲೆ ಕಂಪನಿಯವರು ನಮಗೆ ದುಡ್ಡು ಕೊಟ್ಟಿದ್ದಾರೆ’ ಎಂದು ಹೇಳಬೇಕು. 4:10ರಿಂದ 6:50ರವರೆಗೆ ಮೇಲಿನ ಎಡ ಮೂಲೆಯಲ್ಲಿ ‘ಜಾಹೀರಾತು’ ಇರಬೇಕು, ಹಿಂದೆ ಗಾಢ ಪಟ್ಟಿ ಹಾಕಿ. ಬಿಳಿ ಅನ್ನದ ಮೇಲೆ ಬಿಳಿ ಅಕ್ಷರ ಕಾಣುವುದಿಲ್ಲ. ಕೊನೆಯಲ್ಲಿ ಊಟ ಮಾಡುತ್ತಾ ‘ಆ ಪುಡಿಯದ್ದೇ ರುಚಿ’ ಎಂದರೆ, ಅಲ್ಲಿಗೂ ಲೇಬಲ್ ಬರಬೇಕು. ಎಡಿಟಿಂಗ್‌ನಲ್ಲಿ ಬಿಟ್ಟುಹೋಗುವುದು ಇಂಥ ಮಾತೇ.

ಲೈವ್‌ನಲ್ಲಿ ಶುರುವಿನಲ್ಲೂ ಕೊನೆಯಲ್ಲೂ ಬಾಯಲ್ಲಿ ಹೇಳಿ, ಲೇಬಲ್ ಮಾತ್ರ ಉದ್ದಕ್ಕೂ ಇರಲಿ. ಜನ ನಡುವೆ ಬಂದು ಸೇರಿಕೊಳ್ಳುತ್ತಾರೆ.

ಯೂಟ್ಯೂಬ್‌ಗೆ ಹಾಕುವಾಗ Paid promotion ಎಂಬಲ್ಲಿ ಗುರುತು ಹಾಕುವುದು ಕಡ್ಡಾಯ. ಆಗ ಯೂಟ್ಯೂಬ್ ತಾನೇ ಶುರುವಿನಲ್ಲಿ ಸೂಚನೆ ತೋರಿಸುತ್ತದೆ. ಅದು ಇದೆ ಎಂದು ನಮ್ಮ ಲೇಬಲ್ ಬಿಡುವಂತಿಲ್ಲ.

ಕಂಪನಿಯವರು ‘ಲೇಬಲ್ ಸ್ವಲ್ಪ ಸಣ್ಣದು ಮಾಡಿ’ ಎಂದರೆ ಒಪ್ಪಬೇಡಿ. ದುಡ್ಡಿನ ಮಾತು ಆಡುವ ಮೊದಲೇ ಈ ನಿಯಮ ಅವರಿಗೆ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಬಳಸದೇ ಇರುವುದನ್ನು ‘ನಾನು ದಿನಾ ಬಳಸ್ತೇನೆ’ ಎನ್ನುವ ಸ್ಕ್ರಿಪ್ಟ್ ಬಂದರೆ ಆ ಸಾಲು ತೆಗೆಯಿರಿ. ತೆಗೆಯಲು ಬಿಡದಿದ್ದರೆ ಕೆಲಸವೇ ಬೇಡ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳದಂತೆ ತಡೆಯಬಹುದು.

ವಿಡಿಯೋ ಹೊರಬಂದ ಮೇಲೆ ಲೇಬಲ್ ಬಿಟ್ಟುಹೋಗಿದ್ದು ಕಂಡರೆ, ಯಾರಿಗೆ ಕಂಡಿತೋ ಅವರೇ ತಕ್ಷಣ ಅದನ್ನು ಪ್ರೈವೇಟ್ ಮಾಡಿ. ನನ್ನನ್ನು ಕೇಳಲು ಕಾಯಬೇಡಿ. ಸರಿಪಡಿಸಿ ಮತ್ತೆ ಹಾಕಿದಾಗ ಮೊದಲ ಕಾಮೆಂಟ್‌ನಲ್ಲಿ ಕಾರಣ ಬರೆಯಿರಿ. ವ್ಯೂಸ್ ಹೋದರೆ ಹೋಗಲಿ, ಅದರ ಲೆಕ್ಕ ಯಾರ ತಲೆಗೂ ಕಟ್ಟುವುದಿಲ್ಲ.